ಬಿಲ್ಲಿಗೆ ಹಣ ಬಿಡುವ ಮುನ್ನ ಮೂರು ಕಾಗದ

ಕಾರ್ಖಾನೆಯೊಂದು ಹೊರಗಿನಿಂದ ಸಾಮಾನು ತರಿಸಿದಾಗ ಮೂರು ಕಾಗದಗಳು ಹುಟ್ಟುತ್ತವೆ. ಏನು ಬೇಕು, ಎಷ್ಟು ಬೇಕು, ಯಾವ ದರಕ್ಕೆ ಎಂದು ಖರೀದಿ ವಿಭಾಗ ಬರೆದು ಕಳಿಸುವುದು ಪರ್ಚೇಸ್ ಆರ್ಡರ್. ಎಲ್ಲರ ಬಾಯಲ್ಲೂ ಅದು ಪಿಒ. ಲಾರಿಯಿಂದ ಸರಕು ಇಳಿದ ಮೇಲೆ ಸ್ಟೋರ್ಸ್‌ನವರು ಎಣಿಸಿ, ತೂಗಿ ಬರೆಯುವುದು ಸರಕು ಸ್ವೀಕೃತಿ ಚೀಟಿ. ಅದಕ್ಕೆ ಜಿಆರ್‌ಎನ್ ಎಂದೇ ಹೆಸರು. ಹಣ ಕೊಡಿ ಎಂದು ಮಾರಿದವರು ಕಳಿಸುವುದು ಇನ್ವಾಯ್ಸ್. ಈ ಮೂರನ್ನೂ ಸಾಲು ಸಾಲಾಗಿ ಪಕ್ಕಪಕ್ಕ ಇಟ್ಟು ನೋಡಿ, ಒಪ್ಪಿದ್ದು, ಬಂದದ್ದು, ಕೇಳಿದ್ದು ಒಂದೇ ಎಂದು ಖಚಿತವಾದ ಮೇಲಷ್ಟೇ ಹಣ ಬಿಡುವ ಕ್ರಮಕ್ಕೆ ತ್ರೀ-ವೇ ಮ್ಯಾಚಿಂಗ್ ಎನ್ನುತ್ತಾರೆ. ಮೂರು ಕಾಗದಗಳ ತಾಳೆ ಎಂದರೂ ಸರಿ.

ಮನೆಗೆ ದಿನಸಿ ತರಿಸುವವರೂ ಇದನ್ನೇ ಮಾಡುತ್ತಾರೆ: ಬರೆದುಕೊಟ್ಟ ಚೀಟಿ, ಮನೆಗೆ ಬಂದ ಚೀಲ, ಅಂಗಡಿಯ ಬಿಲ್. ವ್ಯತ್ಯಾಸವೆಂದರೆ ಮನೆಯಲ್ಲಿ ಮೂರನ್ನೂ ನೋಡುವ ಕಣ್ಣು ಒಂದೇ. ಕಾರ್ಖಾನೆಯಲ್ಲಿ ಆರ್ಡರ್ ಕೊಟ್ಟವರು ಸರಕನ್ನು ನೋಡಿರುವುದಿಲ್ಲ, ಸರಕು ಇಳಿಸಿಕೊಂಡವರಿಗೆ ದರ ಗೊತ್ತಿರುವುದಿಲ್ಲ, ಚೆಕ್ ಬರೆಯುವವರು ಎರಡನ್ನೂ ಕಂಡಿರುವುದಿಲ್ಲ. ಆದ್ದರಿಂದ ಮೂರು ಕಾಗದಗಳ ಬೆಲೆ ಇರುವುದು ಅವು ಮೂರು ಬೇರೆ ಬೇರೆ ಕೈಗಳಿಂದ ಬಂದಿವೆ ಎಂಬುದರಲ್ಲಿ. ಪಿಒ ದರಕ್ಕೆ ಸಾಕ್ಷಿ, ಜಿಆರ್‌ಎನ್ ಪ್ರಮಾಣಕ್ಕೆ ಸಾಕ್ಷಿ. ಇನ್ವಾಯ್ಸ್ ಸಾಕ್ಷಿಯಲ್ಲ, ಅದೊಂದು ಬೇಡಿಕೆ. ಪಿಒ ಮತ್ತು ಇನ್ವಾಯ್ಸ್ ಎರಡನ್ನೇ ಹೋಲಿಸುವ ಪದ್ಧತಿಯೂ ಉಂಟು. ಅದರಲ್ಲಿ ದರ ತಪ್ಪಿದ್ದರೆ ಸಿಕ್ಕಿಬೀಳುತ್ತದೆ. ಬಾರದ ಸರಕಿಗೆ ಹಣ ಹೋದರೆ ಗೊತ್ತಾಗುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಹಿಡಿದು ಹೋದರೆ ವಿಷಯ ಸುಲಭವಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಕಬ್ಬಿಣದ ಕಪಾಟು, ಪ್ಯಾನಲ್ ಪೆಟ್ಟಿಗೆ ಮಾಡುವ ಒಂದು ಸಣ್ಣ ಫ್ಯಾಬ್ರಿಕೇಷನ್ ಘಟಕವಿದೆ ಎಂದುಕೊಳ್ಳೋಣ. ಅದು 3 ಮಿಲಿಮೀಟರ್ ದಪ್ಪದ ಹಾಟ್ ರೋಲ್ಡ್ ಉಕ್ಕಿನ ಹಾಳೆಗಳಿಗೆ ಆರ್ಡರ್ ಕೊಟ್ಟಿದೆ. ಹಾಳೆಯ ಅಳತೆ 2,500 × 1,250 ಮಿಲಿಮೀಟರ್. ಪ್ರಮಾಣ 5,000 ಕೆಜಿ, ದರ ಕೆಜಿಗೆ ₹58, ಸಾಗಣೆ ದರದಲ್ಲೇ ಸೇರಿದೆ, ಶೇ 18 ಜಿಎಸ್‌ಟಿ ಪ್ರತ್ಯೇಕ. ಸರಕಿನ ಮೌಲ್ಯ ₹2,90,000, ತೆರಿಗೆ ₹52,200, ಒಟ್ಟು ₹3,42,200.

ಈ ಪಿಒದಲ್ಲಿ ಒಂದು ಸಾಲು ತಪ್ಪದೆ ಇರಬೇಕು: ಬಿಲ್ ಮಾಡುವುದು ತಕ್ಕಡಿಯ ತೂಕದ ಮೇಲೋ, ಲೆಕ್ಕದ ತೂಕದ ಮೇಲೋ? ಉಕ್ಕಿನ ವ್ಯಾಪಾರದಲ್ಲಿ ಎರಡೂ ರೂಢಿಯಲ್ಲಿವೆ. ಹಾಳೆಯ ಉದ್ದ, ಅಗಲ, ದಪ್ಪ ಗುಣಿಸಿ, ಉಕ್ಕಿನ ಸಾಂದ್ರತೆಯಿಂದ ತೂಕ ತೆಗೆಯುವುದು ಲೆಕ್ಕದ ತೂಕ. ಒಂದು ಚದರ ಮೀಟರ್ ಹಾಳೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಮೇಲಿನ ಹಾಳೆಯ ವಿಸ್ತೀರ್ಣ 3.125 ಚದರ ಮೀಟರ್. ಆದ್ದರಿಂದ ಒಂದು ಹಾಳೆಯ ತೂಕ 73.6 ಕೆಜಿಯಷ್ಟು. 5,000 ಕೆಜಿ ಎಂದರೆ 68 ಹಾಳೆ. ಆರ್ಡರ್‌ನಲ್ಲಿ ಇದು ಸ್ಪಷ್ಟವಿಲ್ಲದಿದ್ದರೆ, ಮುಂದೆ ಬರುವ ತೂಕದ ಜಗಳಕ್ಕೆ ಯಾವ ತೀರ್ಪೂ ಇರುವುದಿಲ್ಲ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ‘ವೇಬ್ರಿಡ್ಜ್ ತೂಕವೇ ಅಂತಿಮ’ ಎಂದು ಬರೆದಿದೆ.

ಲಾರಿ ಬಂತು. ಗೇಟಿನಲ್ಲಿ ವಾಹನದ ನಂಬರ್, ಇನ್ವಾಯ್ಸ್ ನಂಬರ್, ಇ-ವೇ ಬಿಲ್ ನಂಬರ್ ನೋಂದಣಿಯಾಗುತ್ತವೆ. ₹50,000 ಮೀರಿದ ಸರಕಾದ್ದರಿಂದ ಇ-ವೇ ಬಿಲ್ ಇರಲೇಬೇಕು. ಹತ್ತಿರದ ವೇಬ್ರಿಡ್ಜ್‌ನಲ್ಲಿ ಸರಕಿನ ಸಮೇತ ಲಾರಿ ತೂಗಿದಾಗ 9,140 ಕೆಜಿ, ಇಳಿಸಿದ ಮೇಲೆ ಖಾಲಿ ಲಾರಿ 4,280 ಕೆಜಿ. ನಿವ್ವಳ 4,860. ಇಲ್ಲಿ ಒಂದು ಸಣ್ಣ ಎಚ್ಚರ ಬೇಕು. ಖಾಲಿ ಲಾರಿಯನ್ನು ಅಂದೇ ತೂಗಬೇಕೇ ಹೊರತು ಆರ್‌ಸಿ ಪುಸ್ತಕದಲ್ಲಿರುವ ತೂಕವನ್ನು ಕಳೆಯಬಾರದು. ಡೀಸೆಲ್ ಟ್ಯಾಂಕು, ಬಿಡಿ ಟೈರು, ಹಗ್ಗ, ಟಾರ್ಪಾಲು, ಕ್ಲೀನರ್, ಎಲ್ಲವೂ ಈ ಎರಡು ತೂಕಗಳ ನಡುವೆ ಅಡಗಿಕೊಳ್ಳಬಲ್ಲವು.

ಈಗ ಹಾಳೆಗಳ ಎಣಿಕೆ. ಸ್ಟೋರ್ಸ್‌ನವರು ಎಣಿಸಿದಾಗ 66 ಹಾಳೆ ಸಿಕ್ಕವು. 66 ಹಾಳೆಯ ಲೆಕ್ಕದ ತೂಕ 4,857 ಕೆಜಿ. ವೇಬ್ರಿಡ್ಜ್ ಹೇಳಿದ್ದು 4,860. ಎರಡೂ ಒಂದನ್ನೊಂದು ಬೆಂಬಲಿಸುತ್ತಿವೆ. ಅಂದರೆ ಇದು ತಕ್ಕಡಿಯ ದೋಷವಲ್ಲ, ಎರಡು ಹಾಳೆ ನಿಜವಾಗಿಯೂ ಬಂದಿಲ್ಲ. ಒಂದು ವೇಳೆ ಹಾಳೆಗಳು 68 ಇದ್ದು ತೂಕ ಮಾತ್ರ 4,860 ಬಂದಿದ್ದರೆ ಕಥೆಯೇ ಬೇರೆ: ಹಾಳೆಗಳ ಸರಾಸರಿ ದಪ್ಪ 2.91 ಮಿಲಿಮೀಟರ್ ಎಂದಾಯಿತು, ಮೈಕ್ರೋಮೀಟರ್ ಹಿಡಿದು ನೋಡಬೇಕಾಗುತ್ತದೆ. ಒಂದೇ ಕೊರತೆ, ಕಾರಣಗಳು ಎರಡು. ತೂಕ ಮತ್ತು ಎಣಿಕೆ ಎರಡನ್ನೂ ಬರೆದಿಟ್ಟಾಗ ಮಾತ್ರ ಯಾವುದು ಎಂದು ಗೊತ್ತಾಗುತ್ತದೆ. ಎಷ್ಟೋ ಕಡೆ ಜಿಆರ್‌ಎನ್‌ನಲ್ಲಿ ಇವೆರಡರಲ್ಲಿ ಒಂದಕ್ಕೇ ಜಾಗವಿರುತ್ತದೆ, ಇನ್ನೊಂದು ಯಾರೂ ಬರೆಯದೆ ಕಳೆದುಹೋಗುತ್ತದೆ.

ಅದಾದ ಮೇಲೆ ಗುಣಮಟ್ಟ ಪರೀಕ್ಷೆ, ಕಾರ್ಖಾನೆಯ ಮಾತಿನಲ್ಲಿ ಕ್ಯೂಸಿ. ಎರಡು ಹಾಳೆಗಳಲ್ಲಿ ತುಕ್ಕು ಆಳಕ್ಕೆ ಇಳಿದು ಗುಳಿ ಬಿದ್ದಿದೆ. ಆ ಎರಡು, ಅಂದರೆ 147 ಕೆಜಿ, ತಿರಸ್ಕೃತ. ಜಿಆರ್‌ಎನ್‌ನಲ್ಲಿ ಈಗ ಮೂರು ಅಂಕಿಗಳಿರಬೇಕು: ಬಂದದ್ದು 4,860, ತಿರಸ್ಕರಿಸಿದ್ದು 147, ಒಪ್ಪಿಕೊಂಡದ್ದು 4,713 ಕೆಜಿ. ಹಣ ಕೊಡಬೇಕಾದದ್ದು ಮೂರನೆಯದಕ್ಕೆ. ಪರೀಕ್ಷೆಯ ವರದಿಯನ್ನೂ ಪ್ರತ್ಯೇಕ ಕಾಗದವಾಗಿ ತಾಳೆಗೆ ಸೇರಿಸಿಕೊಂಡರೆ ಅದು ಫೋರ್-ವೇ ಮ್ಯಾಚಿಂಗ್ ಆಗುತ್ತದೆ. ಔಷಧ, ವಾಹನ ಬಿಡಿಭಾಗದಂಥ ಉದ್ಯಮಗಳಲ್ಲಿ ಅದೇ ವಾಡಿಕೆ.

ಮೂರು ಕಾಗದಗಳಲ್ಲಿ ಅತ್ಯಂತ ದುರ್ಬಲವಾಗಬಲ್ಲದ್ದು ಈ ಜಿಆರ್‌ಎನ್. ಲಾರಿ ಚಾಲಕ ಅವಸರ ಮಾಡುತ್ತಾನೆ, ಮಳೆ ಬರುತ್ತಿರುತ್ತದೆ, ಮುಂದೆ ಇನ್ನೂ ಎರಡು ಗಾಡಿ ನಿಂತಿರುತ್ತವೆ. ಸ್ಟೋರ್‌ಕೀಪರ್ ಚಾಲಕ ತಂದ ಇನ್ವಾಯ್ಸ್ ನೋಡಿ ‘5,000’ ಎಂದು ಬರೆದು ಸಹಿ ಹಾಕುತ್ತಾನೆ. ಆಮೇಲೆ ಅಕೌಂಟ್ಸ್‌ನಲ್ಲಿ ಮೂರೂ ಅಂಕಿ ಸೊಗಸಾಗಿ ಕೂಡಿಬರುತ್ತವೆ. ಕೂಡದೆ ಏನು, ಒಂದು ಇನ್ನೊಂದರ ನಕಲು. ಹೀಗಾದಾಗ ಸಂಸ್ಥೆ ಎರಡೇ ಕಾಗದ ನೋಡಿ ಮೂರು ನೋಡಿದೆವೆಂದು ನಂಬಿರುತ್ತದೆ. ಇದನ್ನು ತಡೆಯಲು ಕೆಲವು ಕಡೆ ಸ್ಟೋರ್ಸ್‌ನವರಿಗೆ ಕೊಡುವ ಪಿಒ ಪ್ರತಿಯಲ್ಲಿ ಪ್ರಮಾಣದ ಅಂಕಣವನ್ನೇ ಖಾಲಿ ಬಿಡುತ್ತಾರೆ. ಎಷ್ಟು ಬರಬೇಕೆಂದು ಗೊತ್ತಿಲ್ಲದವರು ಎಣಿಸಲೇಬೇಕಾಗುತ್ತದೆ. ನಕಲು ನಡೆಯುತ್ತಿದೆಯೇ ಎಂದು ಕಂಡುಹಿಡಿಯುವ ದಾರಿಯೂ ಸರಳ. ತೂಕದ ಲೆಕ್ಕದಲ್ಲಿ ಬರುವ ಸರಕಿನ ಆರು ತಿಂಗಳ ಜಿಆರ್‌ಎನ್ ತೆಗೆದು ನೋಡಬೇಕು. ಇನ್ವಾಯ್ಸ್‌ಗಿಂತ ಒಮ್ಮೆಯೂ ಹತ್ತು ಕೆಜಿ ಹೆಚ್ಚು ಕಡಿಮೆ ಇಲ್ಲವೆಂದರೆ ಅಲ್ಲಿ ತಕ್ಕಡಿ ಬಳಕೆಯಲ್ಲಿಲ್ಲ ಎಂದೇ ಅರ್ಥ. ಎರಡು ಬೇರೆ ವೇಬ್ರಿಡ್ಜ್‌ಗಳು ಪ್ರತಿ ಸಲವೂ ಕೆಜಿಗೆ ಕೆಜಿ ಒಪ್ಪುವುದಿಲ್ಲ.

ಇನ್ನು ಇನ್ವಾಯ್ಸ್. ಅದರಲ್ಲಿ 5,000 ಕೆಜಿ, ದರ ₹59.50, ಮೌಲ್ಯ ₹2,97,500, ತೆರಿಗೆ ₹53,550, ಒಟ್ಟು ₹3,51,050 ಎಂದಿದೆ. ಪಿಒ ಜೊತೆ ಇಟ್ಟರೆ ದರ ಒಂದೂವರೆ ರೂಪಾಯಿ ಹೆಚ್ಚು. ಜಿಆರ್‌ಎನ್ ಜೊತೆ ಇಟ್ಟರೆ ಪ್ರಮಾಣ 287 ಕೆಜಿ ಹೆಚ್ಚು. ಬಿಲ್ ಪಾಸಾಗುವುದಿಲ್ಲ, ಹೋಲ್ಡ್‌ಗೆ ಹೋಗುತ್ತದೆ. ಸ್ಯಾಪ್ ತಂತ್ರಾಂಶ ಬಳಸುವ ದೊಡ್ಡ ಕಂಪನಿಯಲ್ಲಿ ಸರಕು ಸ್ವೀಕೃತಿಯನ್ನು `MIGO`ದಲ್ಲಿ, ಇನ್ವಾಯ್ಸನ್ನು `MIRO`ದಲ್ಲಿ ದಾಖಲಿಸುತ್ತಾರೆ. ಮಿತಿ ಮೀರಿದ ವ್ಯತ್ಯಾಸವಿದ್ದರೆ ಬಿಲ್ ದಾಖಲಾಗುತ್ತದೆ, ಆದರೆ ಪಾವತಿಗೆ ತಾನಾಗಿಯೇ ತಡೆ ಬೀಳುತ್ತದೆ. ಸಣ್ಣ ಘಟಕದಲ್ಲಿ ಟ್ಯಾಲಿಯ ಆರ್ಡರ್, `Receipt Note` ಮತ್ತು ಖರೀದಿ ವೋಚರ್‌ಗಳನ್ನು ಒಂದಕ್ಕೊಂದು ಜೋಡಿಸಿ ಅಷ್ಟನ್ನೇ ಕೈಯಾರೆ ಮಾಡಬಹುದು. ತಂತ್ರಾಂಶ ತಡೆಯುತ್ತದೆ, ಅಷ್ಟೆ. ತಡೆದದ್ದನ್ನು ಬಿಡಿಸಬೇಕಾದವರು ಮನುಷ್ಯರೇ. ಆದ್ದರಿಂದ ಯಾವ ವ್ಯತ್ಯಾಸ ಯಾರ ಮೇಜಿಗೆ ಹೋಗಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಪ್ರಮಾಣದ್ದು ಸ್ಟೋರ್ಸ್‌ಗೆ, ದರದ್ದು ಪರ್ಚೇಸ್‌ಗೆ. ಅಕೌಂಟ್ಸ್‌ನವರು ಎರಡನ್ನೂ ತಾವೇ ಸರಿಪಡಿಸಬಾರದು. ಅವರ ಕೈಯಲ್ಲಿರುವುದು ಕಾಗದ ಮಾತ್ರ, ಸರಕೂ ಅಲ್ಲ, ಒಪ್ಪಂದವೂ ಅಲ್ಲ.

ಪ್ರಮಾಣದ ವ್ಯತ್ಯಾಸಕ್ಕೆ ಕಳ್ಳತನವೇ ಕಾರಣವಾಗಬೇಕಿಲ್ಲ, ಹೆಚ್ಚಿನ ಸಲ ಆಗಿರುವುದೂ ಇಲ್ಲ. ಎರಡು ಹಾಳೆ ಮಾರಿದವರ ಗೋದಾಮಿನಲ್ಲೇ ಉಳಿದಿರಬಹುದು, ಬಿಲ್ ಮಾತ್ರ ಆರ್ಡರ್ ನೋಡಿ ಪೂರ್ತಿ ಪ್ರಮಾಣಕ್ಕೆ ತಯಾರಾಗಿರಬಹುದು. ಉಳಿದದ್ದು ಮುಂದಿನ ಲಾರಿಯಲ್ಲಿ ಬರುವುದಿರಬಹುದು. ಒಂದು ಆರ್ಡರ್‌ಗೆ ಮೂರು ಲಾರಿ, ಎರಡು ಬಿಲ್ ಎನ್ನುವಂಥ ಸಂದರ್ಭದಲ್ಲಿ ಒಂದೊಂದೇ ಬಿಲ್ಲನ್ನು ಒಂದೊಂದೇ ಜಿಆರ್‌ಎನ್ ಜೊತೆ ಹೋಲಿಸಿದರೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ಆಗ ಪಿಒದ ಆ ಸಾಲಿಗೆ ಈವರೆಗೆ ಬಂದ ಒಟ್ಟು ಸರಕು, ಈವರೆಗೆ ಬಿಲ್ ಆದ ಒಟ್ಟು ಪ್ರಮಾಣ ನೋಡಬೇಕು. ಎರಡನೆಯದು ಮೊದಲನೆಯದನ್ನು ಮೀರದಿದ್ದರೆ ಸಾಕು. ಇದರಿಂದ ಇನ್ನೊಂದು ಲಾಭವೂ ಇದೆ. ಒಂದೇ ಬಿಲ್ ಎರಡು ಸಲ ಬಂದರೆ, ಎರಡನೆಯ ಸಲ ಅದಕ್ಕೆ ಜೋಡಿಸಲು ಸ್ವೀಕೃತಿ ಉಳಿದಿರುವುದಿಲ್ಲ.

ಕೊರತೆಗಿಂತ ಗಾಬರಿ ಹುಟ್ಟಿಸುವುದು ಅಳತೆಯ ಮಾನ ಬೇರೆಯಾದಾಗ. ಬೋಲ್ಟ್‌ಗಳನ್ನು ಆರ್ಡರ್ ಮಾಡಿದ್ದು ಪೆಟ್ಟಿಗೆ ಲೆಕ್ಕದಲ್ಲಿ, ಸ್ಟೋರ್ಸ್ ಎಣಿಸಿದ್ದು ಬಿಡಿ ಲೆಕ್ಕದಲ್ಲಿ, ಬಿಲ್ ಬಂದದ್ದು ತೂಕದಲ್ಲಿ. 20 ಪೆಟ್ಟಿಗೆಗೆ 2,000 ಬೋಲ್ಟ್ ಬಂದಿದೆ ಎಂದು ಕಂಪ್ಯೂಟರ್ ಕಿರುಚುತ್ತದೆ. ಸರಕಿನಲ್ಲಿ ಏನೂ ತಪ್ಪಿರುವುದಿಲ್ಲ. ವ್ಯತ್ಯಾಸ ಸರಿಯಾಗಿ ನೂರು ಪಟ್ಟು, ಹನ್ನೆರಡು ಪಟ್ಟು, ಸಾವಿರ ಪಟ್ಟು ಎಂಬಂಥ ದುಂಡನೆಯ ಗುಣಕವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯ ಮಾನವನ್ನು.

ಕಡಿಮೆ ಅಥವಾ ಹೆಚ್ಚು ಸರಕು ಬಂದಾಗ ಕೊಂಡವರ ಹಕ್ಕೇನು ಎಂಬುದನ್ನು 1930ರ ಸರಕು ಮಾರಾಟ ಕಾಯ್ದೆಯ 37ನೇ ಸೆಕ್ಷನ್ ಹೇಳುತ್ತದೆ. ಒಪ್ಪಿದ್ದಕ್ಕಿಂತ ಕಡಿಮೆ ಬಂದರೆ ಇಡೀ ಸರಕನ್ನು ನಿರಾಕರಿಸಬಹುದು. ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಂದದ ದರದಲ್ಲಿ ಹಣ ಕೊಡಬೇಕು. ಹೆಚ್ಚು ಬಂದರೆ ಒಪ್ಪಿದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ನಿರಾಕರಿಸಬಹುದು, ಇಲ್ಲವೇ ಪೂರ್ತಿ ನಿರಾಕರಿಸಬಹುದು. ಎಲ್ಲವನ್ನೂ ಇಟ್ಟುಕೊಂಡರೆ ಎಲ್ಲದಕ್ಕೂ ಒಪ್ಪಂದದ ದರ. ಕೆಟ್ಟ ಸರಕನ್ನು ನ್ಯಾಯವಾಗಿ ನಿರಾಕರಿಸಿದವರು ಅದನ್ನು ಹೊತ್ತುಕೊಂಡು ಹೋಗಿ ವಾಪಸ್ ಮುಟ್ಟಿಸುವ ಹೊಣೆಯನ್ನೂ, ಬೇರೆ ಕರಾರು ಇಲ್ಲದಿದ್ದರೆ, ಕಾಯ್ದೆ ಹೊರಿಸುವುದಿಲ್ಲ. ನಿರಾಕರಿಸಿದ್ದೇವೆಂದು ತಿಳಿಸಿದರೆ ಸಾಕು. ಆದರೆ ತಿಳಿಸದೆ ಬಹಳ ದಿನ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಆಗುತ್ತದೆ. ತುಕ್ಕು ಹಿಡಿದ ಆ ಎರಡು ಹಾಳೆಗಳನ್ನು ಕತ್ತರಿಸಿ ಬಳಸಿಬಿಟ್ಟರಂತೂ ತಿರಸ್ಕರಿಸುವ ಹಕ್ಕು ಅಲ್ಲಿಗೇ ಮುಗಿಯಿತು. ತಿರಸ್ಕೃತ ಸಾಮಾನಿಗೆ ಕೆಂಪು ಚೀಟಿ ಅಂಟಿಸಿ ಬೇರೆ ಜಾಗದಲ್ಲಿ ಬೀಗ ಹಾಕಿಡುವುದು ಬರೀ ಶಿಸ್ತಿನ ಮಾತಲ್ಲ, ಬಿಲ್ಲಿನಲ್ಲಿ ಕಡಿತ ಮಾಡುವ ಹಕ್ಕನ್ನು ಕಾಯ್ದುಕೊಳ್ಳುವ ದಾರಿ.

ದರದ ವ್ಯತ್ಯಾಸದ ಸ್ವಭಾವ ಬೇರೆ. ಅದನ್ನು ತೂಗಿ ನೋಡಲಾಗದು. ಯಾರು ಯಾರಿಗೆ ಏನು ಹೇಳಿದರು ಎಂಬುದರ ಮೇಲೆ ಅದು ನಿಂತಿದೆ. ಉಕ್ಕಿನ ದರ ಆಗಾಗ ಏರಿಳಿಯುತ್ತದೆ. ಆರ್ಡರ್ ಕೊಟ್ಟ ದಿನ ₹58 ಇದ್ದದ್ದು ಲಾರಿ ಹೊರಡುವ ದಿನ ₹59.50 ಆಗಿತ್ತು, ‘ಫೋನಿನಲ್ಲಿ ಹೇಳಿದ್ದೆವಲ್ಲ, ನಿಮ್ಮವರು ಸರಿ ಎಂದರು’ ಎನ್ನುತ್ತಾರೆ ಮಾರಿದವರು. ನಿಜವೂ ಇರಬಹುದು. ಪರ್ಚೇಸ್‌ನವರು ಹೆಚ್ಚಿನ ದರ ಒಪ್ಪಿ, ಪಿಒ ತಿದ್ದುವುದನ್ನು ಮರೆತಿರುವುದು ತೀರಾ ಸಾಮಾನ್ಯ. ಕೆಲವೊಮ್ಮೆ ದರ ಸರಿಯಾಗಿಯೇ ಇದ್ದು, ಸಾಗಣೆ, ಪ್ಯಾಕಿಂಗ್, ಹಮಾಲಿ ಎಂದು ಪಿಒದಲ್ಲಿ ಇಲ್ಲದ ಸಾಲುಗಳು ಬಿಲ್ಲಿನ ಕೆಳಗೆ ಸೇರಿಕೊಂಡಿರುತ್ತವೆ. ಇನ್ನು ಕೆಲವೊಮ್ಮೆ ಹೆಚ್ಚು ಕೊಂಡರೆ ಸಿಗಬೇಕಾದ ರಿಯಾಯಿತಿ ಬಿಲ್ಲಿನಲ್ಲಿ ಬಿಟ್ಟುಹೋಗಿರುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ದರವನ್ನು ಒಪ್ಪುವ ಅಧಿಕಾರವಿದ್ದವರು ಸರಕು ಹೊರಡುವ ಮುನ್ನ ಬರಹದಲ್ಲಿ ಒಪ್ಪಿದ್ದರೇ? ಹೌದಾದರೆ ಪಿಒ ತಿದ್ದುಪಡಿ ಹೊರಡಿಸಿ ಬಿಲ್ ಬಿಡಬೇಕು. ಇಲ್ಲವಾದರೆ ಹಳೆಯ ದರವೇ ಗಟ್ಟಿ. ಬಿಲ್ ಬಂದ ಮೇಲೆ, ಬಿಲ್ಲಿಗೆ ಹೊಂದುವಂತೆ ಪಿಒ ತಿದ್ದಿ ‘ಈಗ ಮ್ಯಾಚ್ ಆಯಿತು’ ಎನ್ನುವುದು ಜಿಆರ್‌ಎನ್ ನಕಲಿಗಿಂತಲೂ ಕೆಟ್ಟದ್ದು. ಅಲ್ಲಿ ಕೊನೆಗೆ ಎರಡು ಕಾಗದಗಳಾದರೂ ಸ್ವತಂತ್ರವಾಗಿದ್ದವು. ಲೆಕ್ಕಪರಿಶೋಧಕರು ಇದನ್ನು ಹಿಡಿಯುವುದು ತಾರೀಖುಗಳಿಂದ. ಇನ್ವಾಯ್ಸ್ ತಾರೀಖಿನ ನಂತರ ದರ ತಿದ್ದಿದ ಪಿಒಗಳ ಪಟ್ಟಿ ತೆಗೆದರೆ, ಯಾವ ಖರೀದಿದಾರರ, ಯಾವ ಸರಬರಾಜುದಾರರ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ ದರ ಏರಿಕೆಗೆ ಯಾವ ಬರಹವೂ ಸಿಗಲಿಲ್ಲ. ಹಾಗಾದರೆ ಕೊಡಬೇಕಾದದ್ದೆಷ್ಟು? ಒಪ್ಪಿಕೊಂಡ 4,713 ಕೆಜಿ, ಒಪ್ಪಂದದ ₹58: ಮೌಲ್ಯ ₹2,73,354, ತೆರಿಗೆ ₹49,203.72, ಒಟ್ಟು ₹3,22,557.72. ಬಿಲ್ಲಿಗಿಂತ ₹28,492.28 ಕಡಿಮೆ. ಈ ಮೊತ್ತವನ್ನು ಕಾರಣವಾರು ಬಿಡಿಸಿ ಮಾರಿದವರಿಗೆ ತೋರಿಸಬೇಕು, ಬರೀ ‘ಕಡಿತ’ ಎಂದು ಬರೆದರೆ ಪತ್ರ ವ್ಯವಹಾರ ತಿಂಗಳುಗಟ್ಟಲೆ ಎಳೆಯುತ್ತದೆ. ದರ ವ್ಯತ್ಯಾಸ 5,000 ಕೆಜಿಗೆ ಒಂದೂವರೆ ರೂಪಾಯಿಯಂತೆ ₹7,500. ಬಾರದ 140 ಕೆಜಿಗೆ ₹58ರಂತೆ ₹8,120. ತಿರಸ್ಕೃತ 147 ಕೆಜಿಗೆ ಅದೇ ದರದಲ್ಲಿ ₹8,526. ಒಟ್ಟು ₹24,146, ಅದಕ್ಕೆ ತೆರಿಗೆ ₹4,346.28. ಕೂಡಿದರೆ ಮೇಲಿನ ಅಂಕಿಯೇ ಬರುತ್ತದೆ.

ಈ ಲೆಕ್ಕದಲ್ಲಿ ಎಡವುವವರು ಬಹಳ. ದರ ವ್ಯತ್ಯಾಸವನ್ನು ಬಿಲ್ಲಿನ ಪೂರ್ತಿ 5,000 ಕೆಜಿಗೆ ಕಳೆದ ಮೇಲೆ, ಕೊರತೆ ಮತ್ತು ತಿರಸ್ಕೃತ ಸರಕನ್ನು ಬಿಲ್ ದರವಾದ ₹59.50ರಲ್ಲಿ ಕಳೆದರೆ ತೆರಿಗೆಗೆ ಮೊದಲೇ ₹430.50 ಹೆಚ್ಚು ಕಡಿತವಾಗುತ್ತದೆ. 287 ಕೆಜಿಯ ಮೇಲಿನ ಒಂದೂವರೆ ರೂಪಾಯಿಯನ್ನು ಎರಡು ಸಲ ಹಿಡಿದಂತಾಯಿತು. ಮಾರಿದವರು ಇದನ್ನು ಪತ್ತೆ ಹಚ್ಚಿದರೆ, ಆ ಸಣ್ಣ ತಪ್ಪಿನ ನೆಪದಲ್ಲಿ ಇಡೀ ಕಡಿತವನ್ನೇ ಪ್ರಶ್ನಿಸುತ್ತಾರೆ. ಒಂದೋ ದರವನ್ನು ಪೂರ್ತಿ ಪ್ರಮಾಣಕ್ಕೆ ಸರಿಪಡಿಸಿ ಪ್ರಮಾಣವನ್ನು ಪಿಒ ದರದಲ್ಲಿ ಕಳೆಯಬೇಕು, ಇಲ್ಲವೇ ಪ್ರಮಾಣವನ್ನು ಬಿಲ್ ದರದಲ್ಲಿ ಕಳೆದು ದರವನ್ನು ಉಳಿದ 4,713 ಕೆಜಿಗೆ ಮಾತ್ರ ಸರಿಪಡಿಸಬೇಕು. ಎರಡರ ಉತ್ತರವೂ ಒಂದೇ.

ಪ್ರತಿ ವ್ಯತ್ಯಾಸಕ್ಕೂ ಹೀಗೆ ಕಾದಾಡಿದರೆ ಕಚೇರಿ ನಡೆಯುವುದಿಲ್ಲ. ಮೂರು ಕೆಜಿ ತೂಕ, ನಾಲ್ಕು ಪೈಸೆ ದರ, ರೂಪಾಯಿಗೆ ಮುಂದೂಡಿದ ತೆರಿಗೆ, ಇವುಗಳನ್ನು ಕೇಳದೆ ಬಿಡಲು ಒಂದು ಮಿತಿ ಇಟ್ಟುಕೊಳ್ಳುತ್ತಾರೆ, ಅದೇ ಟಾಲರೆನ್ಸ್. ಅದನ್ನು ಬರೀ ಶೇಕಡಾ ಲೆಕ್ಕದಲ್ಲಿ ಇಟ್ಟರೆ ದೊಡ್ಡ ಬಿಲ್ಲಿನಲ್ಲಿ ದೊಡ್ಡ ಮೊತ್ತ ಜಾರಿಹೋಗುತ್ತದೆ: ಶೇ 2 ಎಂದರೆ ₹20,000ದ ಬಿಲ್ಲಿಗೆ ₹400, ₹50 ಲಕ್ಷದ ಬಿಲ್ಲಿಗೆ ಒಂದು ಲಕ್ಷ. ಬರೀ ರೂಪಾಯಿಯಲ್ಲಿ ಇಟ್ಟರೆ ಸಣ್ಣ ಬಿಲ್ಲುಗಳಲ್ಲಿ ಮನಬಂದಂತೆ ದರ ಏರಿಸಬಹುದು. ಆದ್ದರಿಂದ ಶೇಕಡಾವಾರು ಒಂದು, ರೂಪಾಯಿಯಲ್ಲಿ ಒಂದು ಮಿತಿ ಇಟ್ಟು, ಯಾವುದು ಕಡಿಮೆಯೋ ಅದನ್ನು ಅನ್ವಯಿಸುವುದು ಜಾಣತನ. ತೂಕದ ಸರಕಿಗೆ ಟಾಲರೆನ್ಸ್ ಬೇಕು. ಎಣಿಸಿ ತರುವ ಮೋಟಾರಿಗೆ, ಕಂಪ್ಯೂಟರಿಗೆ ಯಾಕೆ? ಹತ್ತು ಮೋಟಾರು ಬರಬೇಕಾದಲ್ಲಿ ಒಂಬತ್ತು ಮುಕ್ಕಾಲು ಬರುವುದಿಲ್ಲ.

ಟಾಲರೆನ್ಸ್‌ನ ಅಂಕಿಯನ್ನು ಸರಬರಾಜುದಾರರಿಗೆ ಹೇಳಬಾರದು, ಹೇಳದಿದ್ದರೂ ಕೆಲವರು ತಾವಾಗಿ ಕಂಡುಕೊಳ್ಳುತ್ತಾರೆ. ಶೇ 2ರ ಮಿತಿಯಿರುವ ಕಡೆ ಒಬ್ಬರ ಬಿಲ್ಲುಗಳು ಸದಾ ಶೇ 1.8, 1.9 ಹೆಚ್ಚಿಗೆ ಬರುತ್ತಿದ್ದರೆ ಅದು ಆಕಸ್ಮಿಕವಲ್ಲ. ಆಕಸ್ಮಿಕವಾದ ವ್ಯತ್ಯಾಸ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುತ್ತದೆ. ಹಾಗಾಗಿ ಟಾಲರೆನ್ಸ್ ಒಳಗೆ ಪಾಸಾದ ವ್ಯತ್ಯಾಸಗಳನ್ನೂ ಸರಬರಾಜುದಾರರ ಹೆಸರಿನ ಕೆಳಗೆ ಕೂಡಿಸಿಡಬೇಕು. ವರ್ಷದ ಮೊತ್ತ ಒಂದೇ ದಿಕ್ಕಿಗೆ ವಾಲುತ್ತಿದೆಯೇ ಎಂದು ಆಗ ಕಾಣುತ್ತದೆ.

ಕಡಿತ ಎಷ್ಟೆಂದು ಗೊತ್ತಾಯಿತು. ಅದನ್ನು ಕಾಗದದ ಮೇಲೆ ತೀರಿಸುವುದು ಇನ್ನೊಂದು ಕೆಲಸ. ಭಾರತದಲ್ಲಿ ಜಿಎಸ್‌ಟಿ ಇದಕ್ಕೆ ತನ್ನದೇ ಗಂಟು ಹಾಕಿದೆ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ₹53,550 ತೆರಿಗೆ ತೋರಿಸಿರುತ್ತಾರೆ, ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲೂ ಅಷ್ಟೇ ಕಾಣುತ್ತದೆ. ಕಂಡಿತೆಂದು ಅಷ್ಟನ್ನೂ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಐಟಿಸಿಯಾಗಿ, ತೆಗೆದುಕೊಳ್ಳುವಂತಿಲ್ಲ. ಸಿಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರಕು ಕೈಸೇರಿರಬೇಕು. ಒಂದೇ ಇನ್ವಾಯ್ಸಿನ ಸರಕು ಕಂತುಗಳಲ್ಲಿ ಬರುವುದಿದ್ದರೆ ಕೊನೆಯ ಕಂತು ಬಂದ ಮೇಲೆಯೇ ಜಮೆ. ಇನ್ವಾಯ್ಸ್ ತಾರೀಖಿನಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ, ಕೊಡದ ಭಾಗಕ್ಕೆ ತಕ್ಕ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಜಿಆರ್‌ಎನ್ ಈಗ ಒಳಗಿನ ಚೀಟಿಯಷ್ಟೇ ಅಲ್ಲ, ತೆರಿಗೆ ಅಧಿಕಾರಿ ಕೇಳಿದಾಗ ಸರಕು ಬಂದಿತ್ತೆನ್ನುವ ಪುರಾವೆ.

ಇದನ್ನು ನೇರ ಮಾಡುವ ಕಾಗದ ಕ್ರೆಡಿಟ್ ನೋಟ್. ಬಿಲ್ಲಿನಲ್ಲಿ ಮೌಲ್ಯ ಅಥವಾ ತೆರಿಗೆ ಹೆಚ್ಚಾಗಿದ್ದರೆ, ಸರಕು ವಾಪಸಾದರೆ ಅಥವಾ ಸರಕಿನಲ್ಲಿ ಕೊರತೆ ಕಂಡರೆ ಸರಬರಾಜುದಾರರು 34ನೇ ಸೆಕ್ಷನ್ ಪ್ರಕಾರ ಅದನ್ನು ಕೊಡಬಹುದು. ನಮ್ಮ ಉದಾಹರಣೆಯಲ್ಲಿ ₹24,146ಕ್ಕೂ ಅದರ ತೆರಿಗೆ ₹4,346.28ಕ್ಕೂ ಒಂದು ಕ್ರೆಡಿಟ್ ನೋಟ್ ಬಂದರೆ ಮೂರು ಕಾಗದಗಳೂ ಒಂದಾಗುತ್ತವೆ. ಕೊಂಡವರು ತಾವೇ ಹೊರಡಿಸುವ ಡೆಬಿಟ್ ನೋಟ್ ಎಂಬುದೂ ವ್ಯವಹಾರದಲ್ಲಿದೆ; ಇಷ್ಟು ಕಡಿತ ಮಾಡಿದ್ದೇವೆ ಎಂಬ ತಿಳಿವಳಿಕೆ ಪತ್ರ ಅದು. ಅದರಿಂದ ಮಾರಿದವರ ತೆರಿಗೆ ಹೊಣೆ ಕಡಿಮೆಯಾಗುವುದಿಲ್ಲ, ಅದಕ್ಕೆ ಅವರ ಕ್ರೆಡಿಟ್ ನೋಟೇ ಆಗಬೇಕು. ಅದಕ್ಕೂ ಗಡುವಿದೆ: ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ಅದು ರಿಟರ್ನ್‌ನಲ್ಲಿ ಕಾಣಬೇಕು. ಹೀಗಾಗಿ ಜಗಳವನ್ನು ಎಳೆದಷ್ಟೂ ತೆರಿಗೆಯ ಪಾಲು ಇಬ್ಬರ ಕೈಯನ್ನೂ ತಪ್ಪುವ ಅಪಾಯ ಹೆಚ್ಚುತ್ತದೆ.

ಕ್ರೆಡಿಟ್ ನೋಟ್ ಬರುವವರೆಗೆ ಇಡೀ ಬಿಲ್ ತಡೆಯಬೇಕೇ? ಅನೇಕ ಸಂಸ್ಥೆಗಳು ತಡೆಯುತ್ತವೆ, ತಂತ್ರಾಂಶಗಳೂ ಸಾಮಾನ್ಯವಾಗಿ ಬಿಲ್ಲನ್ನು ಪೂರ್ತಿಯಾಗಿಯೇ ಹಿಡಿದಿಡುತ್ತವೆ. ₹28,000ದ ತಕರಾರಿಗೆ ₹3,51,000 ಹಿಡಿಯುವುದು ನ್ಯಾಯವಲ್ಲ, ತಕರಾರಿಲ್ಲದ ₹3,22,557.72 ಕೊಟ್ಟು, ಉಳಿದದ್ದಕ್ಕೆ ಕಾರಣ ಬರೆದು ಕಳಿಸುವುದೇ ಲೇಸು. ಸರಬರಾಜುದಾರರು ಸಣ್ಣ ಉದ್ಯಮದವರಾಗಿದ್ದರೆ ಇದು ನ್ಯಾಯದ ಮಾತಷ್ಟೇ ಅಲ್ಲ, ಕಾನೂನಿನ ಮಾತು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಕ್ಕೆ, ಬರಹದ ಒಪ್ಪಂದವಿದ್ದರೂ, ಸರಕು ಸ್ವೀಕಾರವಾದ ದಿನದಿಂದ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಸರಕಿನ ಬಗ್ಗೆ ತಕರಾರಿದ್ದರೆ ಅದು ಮುಟ್ಟಿದ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಸರಕು ಬಂದ ದಿನವೇ ಸ್ವೀಕಾರವಾಯಿತೆಂದು ಎಣಿಕೆ. ತುಕ್ಕಿನ ವಿಷಯವನ್ನು ಹದಿನಾರನೆಯ ದಿನ ಬರೆದವರಿಗೆ 45 ದಿನಗಳ ಗಡಿಯಾರ ಲಾರಿ ಬಂದಂದೇ ಓಡತೊಡಗಿರುತ್ತದೆ. ತಾವು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ವಿಸ್ತರಿಸಿಲ್ಲ. ಆದ್ದರಿಂದ ನಮ್ಮ ಉದಾಹರಣೆಯ ಹಾಳೆ ಮಾರಿದವರು ಬರೀ ವ್ಯಾಪಾರಿಯಾದರೆ ಇದು ಅವರಿಗೆ ಅನ್ವಯಿಸದು. ಅದೇ ಘಟಕಕ್ಕೆ ಬೋಲ್ಟ್ ಮಾಡಿಕೊಡುವ ಪಕ್ಕದ ರಸ್ತೆಯ ಚಿಕ್ಕ ಕಾರ್ಖಾನೆಗೆ ಅನ್ವಯಿಸುತ್ತದೆ.

ಮೂರು ಕಾಗದಗಳ ತಾಳೆ ಕಾಣಲಾರದ ಸಂಗತಿಗಳೂ ಇವೆ. ಪಿಒದಲ್ಲೇ ಮಾರುಕಟ್ಟೆಗಿಂತ ಹೆಚ್ಚಿನ ದರ ಹಾಕಿದ್ದರೆ ಮೂರೂ ಕಾಗದ ಒಪ್ಪುತ್ತವೆ. ಸ್ಟೋರ್ಸ್‌ನವರೂ ಮಾರಿದವರೂ ಒಂದಾಗಿದ್ದರೆ ಬಾರದ ಸರಕಿಗೂ ಜಿಆರ್‌ಎನ್ ಆಗುತ್ತದೆ. ಅದು ಬಯಲಾಗುವುದು ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವಾಗ, ಅಲ್ಲಿಯವರೆಗೆ ಹಣ ಹೋಗಿರುತ್ತದೆ. ಸೆಕ್ಯೂರಿಟಿ, ಸ್ವಚ್ಛತೆ, ದುರಸ್ತಿಯಂಥ ಸೇವೆಗಳಲ್ಲಿ ತೂಗಲು ಏನೂ ಇರುವುದಿಲ್ಲ. ಅಲ್ಲಿ ಜಿಆರ್‌ಎನ್ ಜಾಗದಲ್ಲಿ ಹಾಜರಿ ಪುಸ್ತಕ ಅಥವಾ ಕೆಲಸ ಮುಗಿದ ದೃಢೀಕರಣ ನಿಲ್ಲಬೇಕು, ಅದರ ಸತ್ಯ ಸಹಿ ಹಾಕಿದವರಷ್ಟೇ ಗಟ್ಟಿ. ವಿದ್ಯುತ್ ಬಿಲ್ಲು, ಬಾಡಿಗೆ, ಟೀ-ಕಾಫಿ ಖರ್ಚಿಗೆ ಪಿಒ ಮಾಡಿಸುವುದು ಕಾಗದಕ್ಕೆ ಕಾಗದ ಹುಟ್ಟಿಸಿದಂತೆ.

ಇನ್ನೊಂದು ಕೆಲಸ ತಿಂಗಳ ಕೊನೆಗೆ ಉಳಿಯುತ್ತದೆ. ಸರಕು ಬಂದು ಬಿಲ್ ಬಾರದಿದ್ದಾಗ ಅದರ ಮೌಲ್ಯವನ್ನು ಲೆಕ್ಕಪುಸ್ತಕದಲ್ಲಿ ಒಂದು ಮಧ್ಯಂತರ ಖಾತೆಗೆ ಜಮೆ ಮಾಡಿ, ಬಿಲ್ ಬಂದಾಗ ಖರ್ಚು ಬರೆಯುತ್ತಾರೆ. ಎರಡೂ ಕೂಡಿದ ಸಾಲು ಅಳಿಯುತ್ತದೆ, ಕೂಡದ ಸಾಲು ಉಳಿಯುತ್ತದೆ. ಜಮೆಯಲ್ಲೇ ನಿಂತ ಸಾಲು ಎಂದರೆ ಬಿಲ್ ಬಂದಿಲ್ಲ, ಇಲ್ಲವೇ ಸರಕು ಬಾರದೆ ಜಿಆರ್‌ಎನ್ ಆಗಿದೆ. ಖರ್ಚಿನಲ್ಲೇ ನಿಂತ ಸಾಲು ಎಂದರೆ ಸರಕಿಗಿಂತ ಹೆಚ್ಚು ಬಿಲ್ ದಾಖಲಾಗಿದೆ, ನಮ್ಮ 140 ಕೆಜಿಯಂತೆ. ಮೂರು ತಿಂಗಳು ದಾಟಿದ ಪ್ರತಿ ಸಾಲನ್ನೂ ಯಾರಾದರೊಬ್ಬರು ಹೆಸರಿಡಿದು ವಿಚಾರಿಸಬೇಕು. ವರ್ಷಾಂತ್ಯದಲ್ಲಿ ‘ಹೊಂದಾಣಿಕೆ’ ಎಂದು ಬರೆದು ಒಟ್ಟಿಗೆ ಅಳಿಸಿಹಾಕಿದರೆ ಬಾರದ ಹಾಳೆಗಳ ಬೆಲೆ ಖರ್ಚಿನೊಳಗೆ ಸೇರಿಹೋಗುತ್ತದೆ, ಕ್ರೆಡಿಟ್ ನೋಟ್ ಕೇಳುವವರೂ ಇರುವುದಿಲ್ಲ.